ಬೀಗದ ಕೈ ಬೀಳುವ ಮೊದಲು

ಬುಧವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ: ‘ಅದನ್ನು ನಾನೇ ಖರೀದಿಸಿದ್ದೇನೆ.’ ಅನುವಾದದಲ್ಲಿ ಹಾಗೆ ಬರೆದವನು ನಾನೇ. ಕಾಗದದ ಮೇಲೆ ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಚೆಕಾಫನ ‘ಚೆರ್ರಿ ತೋಟ’ದ ಮೂರನೆಯ ಅಂಕ. ಸಾಗರದ ಶಾಲೆಯೊಂದರ ಹಜಾರದಲ್ಲಿ ತಾಲೀಮು, ತಗಡಿನ ಮೇಲೆ ಮಳೆ. ಲೊಪಾಖಿನ್ ತೋಟದ ಹರಾಜು ಮುಗಿಸಿ ಬಂದಿದ್ದಾನೆ. ಅವನ ಅಪ್ಪ, ಅಜ್ಜ ಜೀತ ಮಾಡಿದ ಆಸ್ತಿ ಅದು. ‘ಯಾರು ಕೊಂಡರು?’ ಎಂದು ಒಡತಿ ರನೇವ್‌ಸ್ಕಯಾ ಕೇಳುತ್ತಾಳೆ. ರಷ್ಯನ್ ಮೂಲದಲ್ಲಿ ಉತ್ತರ ಎರಡೇ ಪದ: ‘ಯಾ ಕುಪಿಲ್’, ಅಂದರೆ ನಾನು ಕೊಂಡೆ. ಆಮೇಲೆ ಮೌನ. ಪಕ್ಕದಲ್ಲಿ ಕುರ್ಚಿ, ಮೇಜು ಇಲ್ಲದಿದ್ದರೆ ಒಡತಿ ಬಿದ್ದೇಬಿಡುತ್ತಿದ್ದಳು. ಸಾಕುಮಗಳು ವಾರ್ಯಾ ಸೊಂಟದಿಂದ ಬೀಗದ ಕೈ ಗೊಂಚಲನ್ನು ಬಿಚ್ಚಿ ನೆಲಕ್ಕೆಸೆದು ಹೊರಟುಹೋಗುತ್ತಾಳೆ.

ನಮ್ಮ ವಾರ್ಯಾಳ ಕೈ ‘ನಾನೇ’ ಎಂಬಲ್ಲಿಯೇ ಸೊಂಟಕ್ಕೆ ಹೋಯಿತು. ‘ಖರೀದಿಸಿದ್ದೇನೆ’ ಮುಗಿಯುವಷ್ಟರಲ್ಲಿ ಗೊಂಚಲು ನೆಲದ ಮೇಲಿತ್ತು. ಮೂರು ಸಲ ಮಾಡಿಸಿದರೂ ಹಾಗೆಯೇ. ಆತುರಗಾತಿ ಎಂದು ನಿರ್ದೇಶಕರು ಅವಳನ್ನು ಗದರಿದ್ದು ಅನ್ಯಾಯ. ಎದುರಿನವರ ಮಾತನ್ನು ಅವಳಷ್ಟು ಗಮನವಿಟ್ಟು ಕೇಳುವವರು ನಮ್ಮ ತಂಡದಲ್ಲಿ ಇನ್ನೊಬ್ಬರಿಲ್ಲ. ಸುದ್ದಿ ‘ನಾನೇ’ಯಲ್ಲೇ ಮುಟ್ಟಿಬಿಟ್ಟಿತ್ತು. ಉಳಿದ ಆರು ಅಕ್ಷರಗಳು ಮೌನದ ಜಾಗವನ್ನು ತಿಂದವು. ತಪ್ಪು ನನ್ನದು.

ಲೊಪಾಖಿನ್ ಪಾತ್ರ ಮಾಡುವವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ‘ಮೇಷ್ಟ್ರೇ, ಹರಾಜಿನಲ್ಲಿ ಯಾರೂ ಹೀಗೆ ಮಾತನಾಡುವುದಿಲ್ಲ. ಯಾರಿಗಾಯಿತು ಎಂದರೆ ನನಗೆ ಎನ್ನುತ್ತೇವೆ’ ಎಂದರು. ಬಾಯಿಗೆ ಹಗುರ, ಕಿವಿಗೆ ನೇರ. ಆದರೆ ‘ನನಗೆ’ ಎಂದರೆ ತೋಟ ತಾನಾಗಿ ಅವನ ಪಾಲಿಗೆ ಬಂದಂತೆ. ಅವನು ಎದುರಾಳಿಯ ಮೇಲೆ ಮೇಲೆ ಕೂಗಿ ಗೆದ್ದವನು. ‘ಕೊಂಡವನು ನಾನು’ ಎಂದು ತಿರುಗಿಸಿದೆ. ‘ನಾನು’ ಕೊನೆಗೆ ಬಂತು, ಜೊತೆಗೆ ಕಂಪನಿ ನಾಟಕದ ಸವಾಲಿನ ಧಾಟಿಯೂ ಬಂತು. ಆ ಗಳಿಗೆಯಲ್ಲಿ ಲೊಪಾಖಿನ್ ಎದೆಯುಬ್ಬಿಸಿ ನಿಂತಿಲ್ಲ. ಒಳಗಿನ ಸಂತೋಷ ಎಲ್ಲಿ ಹೊರಬಿದ್ದೀತೋ ಎಂದು ಅಂಜುತ್ತಿದ್ದಾನೆ.

ರಾತ್ರಿ ಉತ್ತರವನ್ನು ಬಿಟ್ಟು ಪ್ರಶ್ನೆಯನ್ನು ತಿದ್ದಿದೆ. ‘ಕೊಂಡವರು ಯಾರು?’ ‘ನಾನು.’ ಕೊಳ್ಳುವ ಮಾತು ಅವಳ ಬಾಯಿಗೆ ಹೋದದ್ದರಿಂದ ಅವನಿಗೆ ಒಂದೇ ಪದ ಸಾಕಾಯಿತು. ಮೌನದ ನಂತರ ಮೂಲದಲ್ಲಿ ಅವನು ಮತ್ತೆ ಅದೇ ‘ಯಾ ಕುಪಿಲ್’ ಎನ್ನುತ್ತಾನೆ. ನಮ್ಮಲ್ಲಿ ‘ನಾನು ಕೊಂಡೆ!’ ಅಲ್ಲಿ ಮೊದಲ ಸಲ ಕೇಳಿಸುತ್ತದೆ. ಒಂದೇ ಮಾತು ಮೌನದ ಎರಡೂ ಬದಿಗೆ ನಿಲ್ಲುವ ಸೊಗಸು ಕೈತಪ್ಪಿತು, ಆ ನೋವು ನನಗಿದೆ. ಇಂಗ್ಲಿಷ್ ಪ್ರತಿ ಹಿಡಿದು ಸಾಲು ಸಾಲು ಹೋಲಿಸುವ ಗೆಳೆಯನೊಬ್ಬ ಇದನ್ನು ದ್ರೋಹವೆಂದ. ಅವನು ಒಳ್ಳೆಯ ಓದುಗ. ಆದರೆ ಪ್ರೇಕ್ಷಕರು ಹಿಂದಿನ ಪುಟ ತಿರುವಲಾರರು ಎಂಬುದನ್ನು ಒಪ್ಪುವುದಿಲ್ಲ.

ಶುಕ್ರವಾರ ಮತ್ತೆ ತಾಲೀಮು. ‘ಕೊಂಡವರು ಯಾರು?’

‘ನಾನು.’

ಯಾರೂ ಅಲುಗಲಿಲ್ಲ. ತಗಡಿನ ಮೇಲಿನ ಮಳೆ ಕೇಳಿಸಿತು. ಆಮೇಲೆ ಗೊಂಚಲು ಬಿತ್ತು.