ಅಕ್ಕನ ಒಂದು ಕಪ್ ಎಂದರೆ ಎಷ್ಟು ಗ್ರಾಂ?

ಅಕ್ಕ ವರ್ಷಗಳಿಂದ ಮಾಡುವ ಬೆಣ್ಣೆ ಕೇಕಿನ ಅಳತೆ ಇಷ್ಟೇ: ಮೈದಾ ಒಂದೂವರೆ ಕಪ್, ಸಕ್ಕರೆ ಒಂದು ಕಪ್, ಬೆಣ್ಣೆ ಅರ್ಧ ಕಪ್, ಹಾಲು ಅರ್ಧ ಕಪ್, ಎರಡು ಮೊಟ್ಟೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್. ಎಂಟಿಂಚಿನ ದುಂಡು ಟಿನ್‌ಗೆ ಇದು ಸರಿಯಾಗುತ್ತದೆ. ಈ ಸಲ ನೆಂಟರು ಜಾಸ್ತಿ ಬರುವವರಿದ್ದರು, ಅದಕ್ಕೆ ಹತ್ತಿಂಚಿನ ಟಿನ್ ತಂದಿದ್ದಳು.

“ಎರಡಿಂಚು ತಾನೇ ಜಾಸ್ತಿ? ಎಲ್ಲಾ ಕಾಲು ಭಾಗ ಹೆಚ್ಚಿಗೆ ಹಾಕಿದ್ರೆ ಸಾಕಲ್ವಾ?” ಅಂದಳು.

“ಸಾಲಲ್ಲಕ್ಕಾ, ಅರ್ಧಕ್ಕಿಂತ ಜಾಸ್ತಿನೇ ಬೇಕು,” ಅಂದೆ. ಅವಳು ನಂಬಲಿಲ್ಲ.

ಹಿಟ್ಟು ಟಿನ್ನಿನ ಅಗಲದ ಗೆರೆಯ ಮೇಲಲ್ಲ, ಇಡೀ ತಳದ ಮೇಲೆ ಹರಡಿಕೊಳ್ಳುತ್ತದೆ. ಹಾಗಾಗಿ ವ್ಯಾಸವನ್ನು ಅದರಿಂದಲೇ ಗುಣಿಸಿ ಹೋಲಿಸಬೇಕು. ಎಂಟೆಂಟಲಿ 64, ಹತ್ತು ಹತ್ತಲಿ 100. ನೂರನ್ನು 64ರಿಂದ ಭಾಗಿಸಿದರೆ 1.56. ಎರಡೂ ದುಂಡಗಿರುವಾಗ ‘ಪೈ’ಯ ಗೊಡವೆ ಬೇಕಿಲ್ಲ. ಅಕ್ಕ ಹೇಳಿದಂತೆ ಕಾಲು ಭಾಗ ಮಾತ್ರ ಸೇರಿಸಿದ್ದರೆ ಕೇಕ್ ತೆಳ್ಳಗಾಗಿ, ಬೇಗ ಬೆಂದು ಒಣಗುತ್ತಿತ್ತು.

ಈಗ ಒಂದೂವರೆ ಕಪ್ಪನ್ನು 1.56ರಿಂದ ಗುಣಿಸಿದರೆ 2.34 ಕಪ್. ಅದನ್ನು ಯಾವ ಕಪ್ಪಿನಲ್ಲಿ ಅಳೆಯುವುದು? ಮೊದಲು ಗ್ರಾಂಗೆ ತರುವುದೇ ಸರಿ. ಕೋಷ್ಟಕಗಳು ಒಂದು ಕಪ್ ಮೈದಾಕ್ಕೆ ಸುಮಾರು 120 ಗ್ರಾಂ ಎನ್ನುತ್ತವೆ. ಅದು ಹಿಟ್ಟನ್ನು ಸಡಿಲಿಸಿ, ಚಮಚದಿಂದ ಕಪ್ಪಿಗೆ ಹಾಕಿ, ಮೇಲೆ ಸಮ ಮಾಡಿದಾಗಿನ ತೂಕ. ಡಬ್ಬಕ್ಕೆ ಕಪ್ಪನ್ನೇ ಇಳಿಸಿ ಎತ್ತಿದರೆ ಹಿಟ್ಟು ಒತ್ತಿಕೊಂಡು ಅದೇ ಕಪ್ 140, ಕೆಲವೊಮ್ಮೆ 150 ಗ್ರಾಂ ತೂಗುತ್ತದೆ. ಹಾಲು, ಬೆಣ್ಣೆಗೆ ಈ ಕಾಟವಿಲ್ಲ. ಸಕ್ಕರೆಗೂ ಅಷ್ಟಾಗಿ ಇಲ್ಲ, ಕಾಳುಗಳು ಒತ್ತಿದರೂ ಕುಗ್ಗುವುದಿಲ್ಲ.

ಹಾಗಾಗಿ ಕೋಷ್ಟಕ ಬದಿಗಿಟ್ಟು, “ನೀನು ಯಾವಾಗಲೂ ಅಳೆಯುವ ಹಾಗೇ ಅಳೆದು ಕೊಡು” ಎಂದು ತಕ್ಕಡಿ ಮುಂದಿಟ್ಟೆ. ಮೊದಲು ಕಪ್ಪಿಗೆ ನೀರು ತುಂಬಿ ತೂಗಿದೆವು: 240 ಗ್ರಾಂ. ಕಪ್‌ಗಳಲ್ಲಿ 250 ಮಿಲಿಲೀಟರಿನದೂ ಇರುವುದರಿಂದ ಈ ಪರೀಕ್ಷೆ ಬೇಕು. ಆಮೇಲೆ ಮೈದಾ. ಅವಳು ಡಬ್ಬದಿಂದಲೇ ಎತ್ತುವವಳು. ಕೆಲವು ಸಲ ತೂಗಿ ನೋಡಿದಾಗ 140ರ ಆಸುಪಾಸಿನಲ್ಲೇ ನಿಂತಿತು. ಅಂದರೆ ಎಲ್ಲರೂ ಮೆಚ್ಚುವ ಅವಳ ಕೇಕಿನಲ್ಲಿ ಇಷ್ಟು ದಿನ ಇದ್ದದ್ದು 180 ಗ್ರಾಂ ಅಲ್ಲ, 210. ಕೋಷ್ಟಕ ನಂಬಿ ದೊಡ್ಡದು ಮಾಡಿದ್ದರೆ 281 ಗ್ರಾಂ ಹಾಕುತ್ತಿದ್ದೆವು. ಅವಳ ಕೈಯ ಲೆಕ್ಕದಲ್ಲಿ 328. ಸುಮಾರು 47 ಗ್ರಾಂ ಕಡಿಮೆಯಾದರೆ ಅಗಲ ಟಿನ್ನಿನ ನಡುಭಾಗ ಕುಸಿಯುವ ಸಂಭವವಿದೆ. ಅಕ್ಕನ ಕೈಯಲ್ಲಿ ಪಳಗಿದ ಪಾಕವಿಧಾನಕ್ಕೆ ಅಕ್ಕನ ಕಪ್ಪಿನ ತೂಕವೇ ಪ್ರಮಾಣ. ಬೇರೆಯವರು ಬರೆದ ಪಾಕವಿಧಾನವಾದರೆ ಮಾತ್ರ ಅವರು ಹೇಗೆ ಅಳೆಯುತ್ತಾರೆಂದು ಹುಡುಕಬೇಕು, ಏನೂ ಹೇಳದಿದ್ದರೆ 120ರಿಂದ ಶುರು ಮಾಡಬಹುದು.

ಉಳಿದದ್ದು ಸಲೀಸು. ಸಕ್ಕರೆ 200ರಿಂದ 312 ಗ್ರಾಂ, ಬೆಣ್ಣೆ 113ರಿಂದ 177, ಹಾಲು 120 ಮಿಲಿಲೀಟರಿನಿಂದ 188. ಎರಡು ಮೊಟ್ಟೆಗೆ ಲೆಕ್ಕದ ಪ್ರಕಾರ ಮೂರು ಮತ್ತೊಂದು ಚೂರು. ಮೂರೇ ಒಡೆದು ಸುಮ್ಮನಾದೆವು. ಬೇಕಿಂಗ್ ಪೌಡರನ್ನು ಮಾತ್ರ ತೂಗಲಿಲ್ಲ. ಅಡುಗೆಮನೆಯ ತಕ್ಕಡಿಗೆ ಹತ್ತು ಗ್ರಾಂನಷ್ಟನ್ನು ಸರಿಯಾಗಿ ಹಿಡಿಯುವುದು ಕಷ್ಟ. ಎರಡು ಟೀ ಚಮಚ, ಮೇಲೆ ಮೂರನೇ ಒಂದು ಭಾಗ.

ಒಲೆಯ ಶಾಖ, ಹೊತ್ತುಗಳನ್ನು 1.56ರಿಂದ ಗುಣಿಸುವಂತಿಲ್ಲ. ಹಿಟ್ಟಿನ ಎತ್ತರ ಮೊದಲಿನಷ್ಟೇ ಇದ್ದರೂ ನಡುಭಾಗ ಅಂಚಿನಿಂದ ದೂರವಾಗಿರುತ್ತದೆ. ಹಳೇ 180 ಡಿಗ್ರಿಯಲ್ಲೇ ಬಿಟ್ಟರೆ ಅಂಚು ಕೆಂಪಾಗುವ ಹೊತ್ತಿಗೆ ನಡುವೆ ಹಸಿ ಉಳಿಯಬಹುದೆಂದು 165ಕ್ಕೆ ಇಳಿಸಿದೆವು. ಮೂವತ್ತೈದು ನಿಮಿಷಕ್ಕೆ ಬೇಯುತ್ತಿದ್ದದ್ದು ಐವತ್ತರ ಹತ್ತಿರ ತೆಗೆದುಕೊಂಡಿತು. ಗಡಿಯಾರಕ್ಕಿಂತ ಅಕ್ಕ ಬೆರಳನ್ನೇ ನಂಬಿದಳು: ನಡುವೆ ಮೆತ್ತಗೆ ಒತ್ತಿದಾಗ ಕುಳಿ ಬೀಳದೆ ಮೇಲೆದ್ದಿತು, ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಲಿಲ್ಲ, ಅಂಚು ಟಿನ್ನನ್ನು ಬಿಡತೊಡಗಿತ್ತು.

ಕೇಕ್ ಆರುತ್ತಿರುವಾಗಲೇ ಹೂವಿನಾಕಾರದ ಇನ್ನೊಂದು ಟಿನ್ ತಂದು, “ಇದಕ್ಕೆ ಏನನ್ನ ಏನರಿಂದ ಗುಣಿಸ್ತೀಯ?” ಎಂದಳು. ಅದಕ್ಕೆ ವ್ಯಾಸವೇ ಇಲ್ಲ. ತಳ ಬಿಚ್ಚುವಂಥದ್ದಲ್ಲದ ಕಾರಣ ನೀರು ತುಂಬಿ ತೂಗಿದೆವು: 1,300 ಗ್ರಾಂ. ಎರಡಿಂಚು ಎತ್ತರದ ಅವಳ ಹಳೇ ಟಿನ್ 1,640 ಹಿಡಿಯಿತು. ಭಾಗಿಸಿದರೆ 0.79. ಮೊಟ್ಟೆ ಒಂದೂವರೆಗಿಂತ ತುಸು ಹೆಚ್ಚು ಬೇಕಾಗುತ್ತದೆ. ಎರಡನ್ನೂ ಒಡೆದು ಕಲಕಿ, ಒಟ್ಟು 100 ಗ್ರಾಂ ಇದ್ದರೆ ಅದರಲ್ಲಿ 79 ಗ್ರಾಂ ತೂಗಿಕೊಳ್ಳಬೇಕು.

“ಉಳಿದದ್ದು?” ಎಂದಳು.

“ನನಗೆ ಆಮ್ಲೆಟ್.”