ರೆಸ್ಯೂಮೆ ತೂಗುವ ಸ್ಕ್ರಿಪ್ಟು: ಮೂರನೇ ವಾರಾಂತ್ಯ

ನಮ್ಮ ಟೀಮಿಗೆ ಒಬ್ಬ ಬ್ಯಾಕೆಂಡ್ ಡೆವಲಪರ್ ಬೇಕು. ಜಾಹೀರಾತಿನಲ್ಲಿ ಕೇಳಿದ್ದು ಇಷ್ಟು: ಜಾವಾ 17, ಸ್ಪ್ರಿಂಗ್ ಬೂಟ್ 3, ಪೋಸ್ಟ್‌ಗ್ರೆಸ್, ಎಡಬ್ಲ್ಯೂಎಸ್‌ನಲ್ಲಿ ಆರ್‌ಡಿಎಸ್ ಮತ್ತು ಎಸ್‌ಕ್ಯೂಎಸ್. ಬಂದ ರೆಸ್ಯೂಮೆ 31. ಒಂದೊಂದನ್ನೂ ಕೂತು ಓದುವ ಬದಲು ಪೈಥಾನಲ್ಲಿ ಒಂದು ಸಣ್ಣ ಸ್ಕ್ರಿಪ್ಟು ಬರೆದುಬಿಡೋಣ ಅಂತ ಹೊರಟೆ. ಮೂರು ವಾರಾಂತ್ಯ ಹೋಯಿತು. ಓದಿದ್ದರೆ ಅರ್ಧ ದಿನದ ಕೆಲಸ, ಅದು ಬೇರೆ ಮಾತು.

ಮೊದಲ ವಾರ ಬರೀ ಪದ ಹುಡುಕಿದೆ. ಜಾವಾಸ್ಕ್ರಿಪ್ಟ್ ಬರೆಯುವವರೆಲ್ಲ ಜಾವಾ ಬಲ್ಲವರಾಗಿ ಬಂದು ಕೂತರು. ಇದು ಬೇಡವೆಂದು `\bjava\b` ಹಾಕಿದರೆ, `Java8` ಅಂತ ಜಾಗ ಬಿಡದೆ ಬರೆದವರು ಹೊರಗೆ ಬಿದ್ದರು. ಈಗ ಇರುವುದು ಇದು:

```python
re.search(r"\bjava(?![a-z])", text, re.I)
```

ಪೋಸ್ಟ್‌ಗ್ರೆಸ್ ಸುಲಭ, ಹೇಗೆ ಬರೆದರೂ `postgres` ಒಳಗೆ ಇದ್ದೇ ಇರುತ್ತೆ. ಬರೀ ಅರೋರಾ ಅಂತ ಬರೆದಿದ್ದರೆ ಮಾತ್ರ ಅಂಕ ಕೊಡಲಿಲ್ಲ. ಅರೋರಾ ಮೈಎಸ್‌ಕ್ಯೂಎಲ್ ರೂಪದಲ್ಲೂ ಸಿಗುತ್ತೆ, ಪೋಸ್ಟ್‌ಗ್ರೆಸ್ ರೂಪದಲ್ಲೂ ಸಿಗುತ್ತೆ. ಅವರು ಯಾವುದನ್ನು ಮುಟ್ಟಿದ್ದಾರೋ ಕೇಳಿಯೇ ತಿಳಿಯಬೇಕು.

ಎರಡನೇ ವಾರ ಎಚ್‌ಆರ್ ಮೇಡಂ ಫೋನ್ ಮಾಡಿದರು. "ಸಾರ್, ಒಬ್ರಿಗೆ ನಿಮ್ಮ ಸ್ಕ್ರಿಪ್ಟಲ್ಲಿ ಐದಕ್ಕೆ ಐದೂ ಬಂದಿದೆ. ಕರೀಲಾ?"

ತೆಗೆದು ಓದಿದೆ. ಐದೂ ಪದಗಳು ಮೇಲಿನ ಸ್ಕಿಲ್ಸ್ ಡಬ್ಬಿಯಲ್ಲೇ ಇವೆ. ಕೆಳಗೆ ಇರುವುದು ಒಂದೇ ಪ್ರಾಜೆಕ್ಟು, 2019ರಿಂದ 2022ರ ಜೂನ್‌ವರೆಗೆ, "ಸ್ಪ್ರಿಂಗ್ ಬೂಟ್ 3ರಲ್ಲಿ ಮೈಕ್ರೋಸರ್ವಿಸ್ ಕಟ್ಟಿದ್ದೇನೆ" ಅಂತ. ಸ್ಪ್ರಿಂಗ್ ಬೂಟ್ 3.0 ಬಿಡುಗಡೆಯಾದದ್ದೇ 2022ರ ನವೆಂಬರಲ್ಲಿ. ಸುಳ್ಳು ಅಂತ ನಾನು ಹೇಳಲ್ಲ. ನಮ್ಮ ಜಾಹೀರಾತು ನೋಡಿ 2 ಅನ್ನು 3 ಮಾಡಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ, ನಾವು ಬರೆಯುವ ಜಾಹೀರಾತುಗಳೇ ಹಾಗೆ ಕಲಿಸಿವೆ. ಆದರೆ ಐದಕ್ಕೆ ಐದು ಅನ್ನುವ ಅಂಕ ಅಲ್ಲಿಗೆ ಬಿದ್ದುಹೋಯಿತು.

ಹಾಗಾಗಿ ಪದ ಇದೆಯೋ ಇಲ್ಲವೋ ಅನ್ನುವುದು ಬಿಟ್ಟು, ಎಲ್ಲಿದೆ ಅಂತ ನೋಡಲು ಶುರು ಮಾಡಿದೆ. ಸ್ಕಿಲ್ಸ್ ಪಟ್ಟಿಯಲ್ಲಿದ್ದರೆ ಕಾಲು ಅಂಕ, ತಾರೀಖು ಇರುವ ಕೆಲಸದ ಕೆಳಗೆ ವಾಕ್ಯದಲ್ಲಿ ಬಂದರೆ ಪೂರ್ತಿ. ಇಲ್ಲೊಂದು ಎಡವಟ್ಟಾಯಿತು. ಪಿಡಿಎಫ್‌ನಿಂದ ಅಕ್ಷರ ತೆಗೆಯಲು `pdftotext -layout` ಬಳಸುತ್ತಿದ್ದೆ. ಎರಡು ಕಾಲಮ್ಮಿನ ರೆಸ್ಯೂಮೆಯಲ್ಲಿ ಎಡಗಡೆಯ ಸ್ಕಿಲ್ಲೂ ಬಲಗಡೆಯ ಕೆಲಸದ ವಾಕ್ಯವೂ ಒಂದೇ ಸಾಲಿಗೆ ಬಂದು, ಎಲ್ಲರಿಗೂ ಪೂರ್ತಿ ಅಂಕ ಸಿಕ್ಕಿತು. `-layout` ತೆಗೆದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು.

ಈ ವಾರ ತಳದಿಂದ ಓದಿದೆ. ತೀರಾ ಕಡಿಮೆ ಅಂಕದವರಲ್ಲಿ ಒಬ್ಬರ ರೆಸ್ಯೂಮೆಯಲ್ಲಿ "ಸ್ಪ್ರಿಂಗ್ ಬೂಟ್ 3" ಎಂಬ ಮಾತೇ ಇಲ್ಲ. ಬದಲಿಗೆ 2023ರ ಕೆಲಸದ ಕೆಳಗೆ ಒಂದು ಸಾಲು: ಆರು ಸ್ಪ್ರಿಂಗ್ ಸರ್ವಿಸ್‌ಗಳನ್ನು `javax`ನಿಂದ `jakarta`ಗೆ ಬದಲಿಸಿದೆ, ಹೈಬರ್ನೇಟ್ 6ರಲ್ಲಿ ಮುರಿದುಬಿದ್ದ ಕ್ವೆರಿಗಳನ್ನು ತಿದ್ದಿದೆ. ಬೂಟ್ 2ರಿಂದ 3ಕ್ಕೆ ಏರಿಸಿದವರಿಗೆ ಈ ನೋವು ಗೊತ್ತು. ಇಂಪೋರ್ಟ್ ಸಾಲುಗಳೆಲ್ಲ ಬದಲಾಗಬೇಕು, ಜಾವಾ 17ಕ್ಕಿಂತ ಕೆಳಗೆ ಓಡುವುದೇ ಇಲ್ಲ. ಅಂದರೆ ಹೆಸರು ಹೇಳದೆಯೇ ನಮ್ಮ ಎರಡು ಬೇಡಿಕೆಗೆ ಪುರಾವೆ ಕೊಟ್ಟಿದ್ದಾರೆ. ನನ್ನ ಸ್ಕ್ರಿಪ್ಟು ಎರಡಕ್ಕೂ ಸೊನ್ನೆ ಹಾಕಿತ್ತು.

ಅವರ ಕ್ಲೌಡ್ ಮಾತ್ರ ಅಜೂರ್. ಇಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ಪೋಸ್ಟ್‌ಗ್ರೆಸ್ ಅಜೂರ್ ನಡೆಸಿದರೂ ಆರ್‌ಡಿಎಸ್ ನಡೆಸಿದರೂ ಕ್ವೆರಿ, ಇಂಡೆಕ್ಸ್ ಎಲ್ಲ ಅದೇ. ಕ್ಯೂ ವಿಷಯದಲ್ಲಿ ಅವರು ಬರೆದದ್ದು, ಸರ್ವಿಸ್ ಬಸ್‌ನಲ್ಲಿ ಲಾಕ್ ಅವಧಿ ಮುಗಿದು ಒಂದೇ ಸಂದೇಶ ಎರಡು ಸಲ ಬರುತ್ತಿದ್ದುದನ್ನು ಸರಿಪಡಿಸಿದೆ ಅಂತ. ಎಸ್‌ಕ್ಯೂಎಸ್‌ನಲ್ಲಿ ಇದೇ ತೊಂದರೆ ವಿಸಿಬಿಲಿಟಿ ಟೈಮೌಟ್ ಅನ್ನುವ ಹೆಸರಲ್ಲಿ ಕಾಡುತ್ತೆ. ಅದನ್ನು ಒಮ್ಮೆ ಅನುಭವಿಸಿದವರಿಗೆ ಹೆಸರು ಬದಲಾದರೆ ಕಷ್ಟವಾಗಲ್ಲ. ಎಡಬ್ಲ್ಯೂಎಸ್‌ನ ಐಎಎಮ್ ಪಾಲಿಸಿ ಮಾತ್ರ ಹೊಸದಾಗಿ ಕಲಿಯಬೇಕು, ಅದಕ್ಕೆ ಅಂಕ ಇಲ್ಲ. ಕ್ಲೌಡ್ ಕಟ್ಟುವ ಹುದ್ದೆಗೇ ಆಗಿದ್ದರೆ ಈ ರಿಯಾಯಿತಿ ಕೊಡುತ್ತಿರಲಿಲ್ಲ. ನಮಗೆ ಬೇಕಿರುವುದು ಸರ್ವಿಸ್ ಬರೆಯುವವರು.

ಈಗ ಸ್ಕ್ರಿಪ್ಟಿಗೆ ಅಂಕ ಕೊಡುವ ಅಧಿಕಾರ ತೆಗೆದುಹಾಕಿದ್ದೇನೆ. ಪ್ರತಿ ಬೇಡಿಕೆಯ ಎದುರು ರೆಸ್ಯೂಮೆಯ ಆ ಸಾಲು ಮತ್ತು ಅದರ ಮೇಲಿನ ತಾರೀಖು ಎತ್ತಿ ತೋರಿಸುತ್ತೆ, ಅಷ್ಟೇ. ಪುರಾವೆ ಪದಗಳ ಪಟ್ಟಿಗೆ `jakarta` ಸೇರಿಸಿದೆ. ಮಂಗಳವಾರ ಇಬ್ಬರನ್ನೂ ಕರೆದಿದ್ದೇವೆ. ಮೊದಲನೆಯವರಿಗೆ ಒಂದೇ ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ: ಬೂಟ್ 3ಕ್ಕೆ ಏರಿಸಿದಾಗ ಮೊದಲು ಮುರಿದದ್ದು ಏನು?