ಒಂದೇ ಬೆಳಗ್ಗೆ ಇಡೀ ಶ್ರಾವಣ

2025ರ ಶ್ರಾವಣ ಜುಲೈ 25ಕ್ಕೆ ಶುರುವಾಗಿ ಆಗಸ್ಟ್ 23ಕ್ಕೆ ಮುಗಿಯಿತು. ಲೆಕ್ಕ ಹಾಕಿದರೆ ಸರಿಯಾಗಿ 30 ದಿನ. ನಮ್ಮ ಅತ್ತೆಯ ಚಾನೆಲ್‌ಗೆ ದಿನಕ್ಕೊಂದು ಶಾರ್ಟ್ಸ್ ಅಂದರೆ 30 ವಿಡಿಯೊ. ಅವರು ರಿಟೈರ್ ಆದ ಕನ್ನಡ ಮೇಡಂ, ಹಾಡೂ ಬರುತ್ತೆ, ಮಾತೂ ಬರುತ್ತೆ. ಕ್ಯಾಮೆರಾ, ಎಡಿಟಿಂಗ್ ನನ್ನ ಪಾಲು. ದಿನಾ ಬೆಳಗ್ಗೆ ಪೂಜೆ ಬಿಟ್ಟು ಫೋನ್ ಮುಂದೆ ಕೂರುವುದು ಅವರಿಗೆ ಆಗಲ್ಲ, ಆಫೀಸ್ ಬಿಟ್ಟು ನನಗೂ ಆಗಲ್ಲ. ಅದಕ್ಕೇ ಆಷಾಢದಲ್ಲೇ, ಜುಲೈ 20ರ ಭಾನುವಾರ, ಒಂದೇ ಬೆಳಗ್ಗೆ ಅಷ್ಟನ್ನೂ ಮುಗಿಸೋಣ ಅಂತ ಕೂತೆವು. ಶುಕ್ರವಾರ ರಜೆ ಹಾಕುತ್ತೇನೆ ಅಂದಿದ್ದೆ, ಆದರೆ ಮೈಸೂರಲ್ಲಿ ಆಷಾಢ ಶುಕ್ರವಾರ ಅಂದರೆ ಅತ್ತೆ ಬೆಟ್ಟದಲ್ಲಿ ಇರುತ್ತಾರೆ, ಮನೆಯಲ್ಲಲ್ಲ.

ಇಂಥ ಶೂಟಿಂಗ್‌ನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಕ್ಯಾಲೆಂಡರ್ ಪ್ರಕಾರ ಹೋಗೋಣ ಅನ್ನೋದು. ಒಂದನೇ ದಿನದ್ದು, ಎರಡನೇ ದಿನದ್ದು, ಹೀಗೆ. ಹಾಗೆ ಹೋದರೆ ಪ್ರತಿ ವಿಡಿಯೊಗೂ ಸೀರೆ ಬದಲಿಸಬೇಕು, ದೇವರ ಫೋಟೊ ಬದಲಿಸಬೇಕು, ದೀಪ ಒಮ್ಮೆ ಹಚ್ಚಿ ಒಮ್ಮೆ ಇಳಿಸಬೇಕು. ಮಧ್ಯಾಹ್ನ ಆದರೂ ಹತ್ತು ದಾಟಲ್ಲ. ಬದಲಿಸೋಕೆ ಹೊತ್ತು ಹಿಡಿಯುವುದು ಯಾವುದೋ, ಪ್ಲಾನ್ ಅದರ ಸುತ್ತ ಇರಬೇಕು. ನಮ್ಮ ಮನೆಯಲ್ಲಿ ಅಂಥವು ಮೂರು: ಸೀರೆ, ಬೆಳಕು, ಅತ್ತೆಯ ಗಂಟಲು.

ಸೀರೆಯಿಂದ ಶುರು ಮಾಡಿದೆ. ವಾರಕ್ಕೊಂದು ದೇವರು ಅಂತ ಹಂಚಿದ್ದೆವು. ಸೋಮವಾರ ಶಿವ, ಮಂಗಳವಾರ ಮಂಗಳಗೌರಿ, ಬುಧವಾರ ವಿಠಲ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಶನಿವಾರ ತಿರುಪತಿ ತಿಮ್ಮಪ್ಪ, ಭಾನುವಾರ ಸೂರ್ಯ. ಏಳು ವಾರಕ್ಕೆ ಏಳು ಸೀರೆ ಅಂದರೆ ಆರು ಸಲ ಬದಲಾವಣೆ. ಸೀರೆ, ಪಿನ್ನು, ಬ್ಲೌಸು, ಕಾಲರ್ ಮೈಕ್ ಮತ್ತೆ ಸಿಕ್ಕಿಸುವುದು ಎಲ್ಲ ಸೇರಿ ಒಂದೊಂದಕ್ಕೆ ಕಾಲು ಗಂಟೆ, ಅಲ್ಲಿಗೇ ಒಂದೂವರೆ ಗಂಟೆ ಹೋಯಿತು. ಮೇಲಿಂದ ಮೇಲೆ ಎರಡು ದಿನ ಒಂದೇ ಸೀರೆ ಕಾಣದಿದ್ದರೆ ಸಾಕಲ್ವಾ? ಹಾಗಾಗಿ ನಾಲ್ಕಕ್ಕೆ ಇಳಿಸಿದೆ. ಮಂಗಳವಾರ, ಶುಕ್ರವಾರಕ್ಕೆ ಕೆಂಪು. ಸೋಮವಾರ, ಗುರುವಾರಕ್ಕೆ ಬಿಳಿ. ಬುಧವಾರ, ಭಾನುವಾರಕ್ಕೆ ಹಳದಿ. ಶನಿವಾರಕ್ಕೆ ಹಸಿರು. ಬೇಕಾದರೆ ಹಾಕಿ ನೋಡಿ, ಎಲ್ಲೂ ಪಕ್ಕಪಕ್ಕದ ದಿನ ಒಂದೇ ಬಣ್ಣ ಬರಲ್ಲ. ಆ ತಿಂಗಳಲ್ಲಿ ಶುಕ್ರವಾರ, ಶನಿವಾರ ಐದೈದು, ಉಳಿದವು ನಾಲ್ಕು ನಾಲ್ಕು. ಹಾಗಾಗಿ ಕೆಂಪು ಸೀರೆಯಲ್ಲಿ 9, ಬಿಳಿಯಲ್ಲಿ 8, ಹಳದಿಯಲ್ಲಿ 8, ಹಸಿರಲ್ಲಿ 5. ಬದಲಾವಣೆ ಮೂರೇ ಸಲ.

ಇನ್ನು ಯಾವ ಸೀರೆ ಮೊದಲು ಅನ್ನೋದು. ಅದನ್ನು ನಿರ್ಧಾರ ಮಾಡಿದ್ದು ಬೆಳಕು. ಗೌರಿ, ಲಕ್ಷ್ಮಿಯ ವಿಡಿಯೊಗಳಲ್ಲಿ ಎದುರಿಗೆ ದೀಪ ಕಾಣಬೇಕು. ದೀಪದ ಕುಡಿ ಫೋನಲ್ಲಿ ಚೆನ್ನಾಗಿ ಬರುವುದು ಕತ್ತಲಲ್ಲೇ. ಹೊರಗೆ ಬೆಳಕಾದ ಮೇಲೆ ಅದೇ ದೀಪ ಬರೀ ಒಂದು ಹಳದಿ ಚುಕ್ಕೆ. ಜುಲೈನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆ ಸುಮಾರಿಗೆ, ಆದರೆ ಐದೂ ಮುಕ್ಕಾಲಿಗೇ ಕಿಟಕಿ ಬೆಳ್ಳಗಾಗುತ್ತೆ. ಆದ್ದರಿಂದ ಐದೂ ಕಾಲಿಗೆ ಕೆಂಪು ಸೀರೆ, ಪರದೆ ಎಳೆದು, ಫ್ಯಾನ್ ಆಫ್ ಮಾಡಿ. ಫ್ಯಾನ್ ಇದ್ದರೆ ಕುಡಿ ಅಲ್ಲಾಡುತ್ತೆ, ಮೈಕಿಗೂ ಗಾಳಿ ಹೊಡೆಯುತ್ತೆ.

ಹಿತ್ತಾಳೆ ದೀಪ ಹಿಂದಿನ ರಾತ್ರಿ ಹುಣಸೆಹಣ್ಣಲ್ಲಿ ಉಜ್ಜಿ ಫಳಫಳ ಮಾಡಿಟ್ಟಿದ್ದರು ಅತ್ತೆ. ಬೆಳಗ್ಗೆ ಫ್ರೇಮ್ ಹಿಗ್ಗಿಸಿ ನೋಡಿದರೆ ದೀಪದ ಹೊಟ್ಟೆಯಲ್ಲಿ ನಾನು, ಟ್ರೈಪಾಡ್, ಪಕ್ಕದಲ್ಲಿ ಥರ್ಮೋಕೋಲ್ ಹಿಡಿದು ನಿಂತ ನಮ್ಮ ಯಜಮಾನರು, ಮೂವರೂ ಸಣ್ಣದಾಗಿ ಸೊಟ್ಟಗೆ ಕಾಣುತ್ತಿದ್ದೆವು. ದೀಪವನ್ನು ಸ್ವಲ್ಪ ತಿರುಗಿಸಿ, ಮುಂದೆ ಎರಡು ಸೇವಂತಿಗೆ ಇಟ್ಟಾಗ ಮರೆಯಾಯಿತು. ಸೇವಂತಿಗೆನೇ ಯಾಕೆ ಅಂದರೆ ಮಲ್ಲಿಗೆ ಎರಡು ಗಂಟೆಯಲ್ಲಿ ಬಾಡಿ ಕಂದುಬಣ್ಣಕ್ಕೆ ತಿರುಗುತ್ತೆ, ಸೇವಂತಿಗೆ ಹತ್ತು ಗಂಟೆಯವರೆಗೂ ಹಾಗೇ ಇರುತ್ತೆ. ಬೆಳಗಿನ ಒಂದನೇ ವಿಡಿಯೊ, ಕೊನೇ ವಿಡಿಯೊ ಮುಂದೆ ಅಕ್ಕಪಕ್ಕದ ದಿನಗಳಲ್ಲಿ ಬರಬಹುದು, ಹೂವು ಮೋಸ ಮಾಡಬಾರದು.

ಫೋನ್ ವಿಷಯದಲ್ಲಿ ಜಾಸ್ತಿ ಹೇಳಲ್ಲ, ಎರಡೇ ಮಾತು. ದೀಪ ಇದ್ದಾಗ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಲೇಬೇಕು. ಲಾಕ್ ಮಾಡದಿದ್ದರೆ ಅತ್ತೆ ಕೈ ಎತ್ತಿದಾಗಲೆಲ್ಲ ಮುಖ ಕಪ್ಪಾಗಿ ಬೆಳ್ಳಗಾಗುತ್ತೆ, ಹಣೆಯ ಕುಂಕುಮ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕೇಸರಿ. ಎರಡನೆಯದು, ನಮ್ಮ ಕರೆಂಟು 50 ಹರ್ಟ್ಸ್. ಮನೆ ಬಲ್ಬಿನ ಕೆಳಗೆ ಶಟರನ್ನು `1/50` ಅಥವಾ `1/100`ಕ್ಕೆ ಇಡದಿದ್ದರೆ ಗೋಡೆ ಮೇಲೆ ಪಟ್ಟೆ ಪಟ್ಟೆ ಓಡುತ್ತವೆ. ಫೋನಿನ ಚಿಕ್ಕ ಸ್ಕ್ರೀನಲ್ಲಿ ಅದು ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಖಾಲಿ ಗೋಡೆ ಒಂದು ಹತ್ತು ಸೆಕೆಂಡ್ ಶೂಟ್ ಮಾಡಿ, ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತೆ.

ಆರತಿಯ ಹತ್ತಿರ ಬಂದಾಗ ಕೆಲಸ ನಿಂತಿತು. ಮೊದಲನೆಯ ಸಲ ಕೈ ಫ್ರೇಮಿನಿಂದ ಹೊರಗೆ ಹೋಗಿತ್ತು, ಇನ್ನೊಂದು ಸಲ ಅಂದೆ.

"ನೋಡಮ್ಮ, ದೇವರಿಗೆ ಹೀಗೆ ಟೇಕ್ ಟೇಕ್ ಅಂತ ಎಷ್ಟು ಸಲ ಆರತಿ ಎತ್ತಲಿ? ಅದೇನು ಆಟನಾ?"

ಅವರು ಹೇಳಿದ್ದು ಸರಿ ಅನ್ನಿಸಿತು, ಅಲ್ಲಿಂದ ಪ್ಲಾನೇ ಬೇರೆ ಆಯಿತು. ಅವತ್ತಿನ ನಿಜವಾದ ಪೂಜೆಯನ್ನೇ, ಅವರು ಮಾಡುವ ಹಾಗೇ ಮಾಡಲು ಬಿಟ್ಟು, ಎರಡು ಫೋನ್ ಇಟ್ಟು ಪೂರ್ತಿ ತೆಗೆದೆವು. ಒಂದು ಎದುರಿಗೆ, ಒಂದು ಪಕ್ಕದಿಂದ ಕೈ ಮತ್ತು ತಟ್ಟೆಗೆ ಮಾತ್ರ. ನಿಲ್ಲಿಸು ಅನ್ನಲಿಲ್ಲ, ಮತ್ತೆ ಮಾಡಿ ಅನ್ನಲಿಲ್ಲ. ಗಂಟೆ, ಹೂ ಏರಿಸುವುದು, ಕರ್ಪೂರ, ತೀರ್ಥ, ಎಲ್ಲಾ ಸೇರಿ ಇಪ್ಪತ್ತು ನಿಮಿಷದ ತುಣುಕು ಸಿಕ್ಕಿತು. ತಿಂಗಳಿಡೀ ಮಾತಿನ ಮಧ್ಯೆ ಅಲ್ಲಲ್ಲಿ ಮೂರು ನಾಲ್ಕು ಸೆಕೆಂಡ್ ಅದನ್ನೇ ಕತ್ತರಿಸಿ ಹಾಕಿದೆ. ಮಾತು ತಡವರಿಸಿದ ಜಾಗ ಮುಚ್ಚಲು ಕೂಡ ಇದೇ ಬೇಕಾಗುತ್ತೆ.

ವರಮಹಾಲಕ್ಷ್ಮಿ ಕಲಶಕ್ಕೂ ಅವರು ಒಪ್ಪಲಿಲ್ಲ. ಹಬ್ಬ ಆಗಸ್ಟ್ 8ಕ್ಕೆ, ಆಷಾಢದಲ್ಲಿ ಸುಮ್ನೆ ತೋರಿಸೋಕೆ ಕಲಶ ಕೂರಿಸಲ್ಲ ಅಂದರು. ಬೆಳ್ಳಿ ಮುಖವಾಡ ಡಬ್ಬಿಯಿಂದ ಹೊರಗೂ ಬರಲಿಲ್ಲ. ಹಾಗಾಗಿ ಆ ದಿನಕ್ಕೆ ವ್ರತದ ಬಗ್ಗೆ ಮಾತು ಮಾತ್ರ ತೆಗೆದುಕೊಂಡು, ಕಲಶದ ದೃಶ್ಯಕ್ಕೆ ಜಾಗ ಖಾಲಿ ಬಿಟ್ಟೆ. ಹಬ್ಬದ ಬೆಳಗ್ಗೆ ಹತ್ತು ಸೆಕೆಂಡ್ ತೆಗೆದು ಸೇರಿಸಿದ್ದಾಯಿತು. ನಾಗರ ಪಂಚಮಿಯ ತನಿ ಎರೆಯುವುದೂ ಹಾಗೇ. ಮುಂಚೆ ಮಾಡಿಟ್ಟುಕೊಳ್ಳಬಾರದ ಇಂಥವನ್ನು ಮೊದಲೇ ಗುರುತು ಹಾಕಿಕೊಂಡರೆ ಶೂಟಿಂಗ್ ದಿನ ಜಗಳ ಇರಲ್ಲ.

ಆರೂ ಕಾಲಿಗೆ ಬಿಳಿ ಸೀರೆ. ಶಿವನ ಶ್ಲೋಕ, ರಾಯರ ಹಾಡು, ಎಲ್ಲಾ ಹಾಡುವಂಥವೇ. ಎದ್ದ ತಕ್ಷಣ ಗಂಟಲು ದಪ್ಪ ಇರುತ್ತೆ, ಮೇಲಿನ ಸ್ಥಾಯಿಗೆ ಹೋಗಲ್ಲ. ಒಂದು ಗಂಟೆ ಮಾತಾಡಿದ ಮೇಲೆ ತೆರೆದುಕೊಂಡಿರುತ್ತೆ, ಇನ್ನೆರಡು ಗಂಟೆ ಬಿಟ್ಟರೆ ದಣಿದಿರುತ್ತೆ. ಹಾಡಿಗೆ ಇರುವ ಹೊತ್ತು ಅದರ ಮಧ್ಯದ್ದೇ. ಕುಡಿಯೋಕೆ ಜೀರಿಗೆ ಹಾಕಿದ ಬಿಸಿನೀರು, ಹಾಲು ಕಾಫಿ ಎಲ್ಲಾ ಮುಗಿದ ಮೇಲೆ. ತಂಬೂರಿ ಆ್ಯಪನ್ನು ರೂಮಿನಲ್ಲಿ ಜೋರಾಗಿ ಹಾಕಬೇಡಿ. ಅದು ದನಿಯ ಜೊತೆ ರೆಕಾರ್ಡ್ ಆಗಿಬಿಟ್ಟರೆ, ಆಮೇಲೆ ಒಂದು ಕೆಮ್ಮು ಕತ್ತರಿಸಿದರೂ ತಂಬೂರಿ ಟಕ್ ಅಂತ ಹಾರುತ್ತೆ. ಅತ್ತೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ ಸೆರಗಿನೊಳಗೆ ವೈರ್ ಬಿಟ್ಟುಕೊಂಡು ಶ್ರುತಿ ಕೇಳುತ್ತಿದ್ದರು. ತಂಬೂರಿಯನ್ನು ನಾನು ಅದೇ ಶ್ರುತಿಯಲ್ಲಿ ಎಡಿಟಿಂಗ್‌ನಲ್ಲಿ ಒಂದೇ ಪಟ್ಟಿಯಾಗಿ ಹಾಕಿದೆ.

ಆರೂವರೆಗೆ ಪಕ್ಕದ ಬೀದಿ ದೇವಸ್ಥಾನದಲ್ಲಿ ಮೈಕ್ ಶುರುವಾಯಿತು, ಯಾವುದೋ ಹಳೇ ಕ್ಯಾಸೆಟ್ಟಿನ ಹಾಡು. ಹಿಂದೆ ಸಣ್ಣಗೆ ಕೇಳುತ್ತೆ, ಭಕ್ತಿಯೇ ಅಲ್ವಾ, ಇರಲಿ ಬಿಡು ಅಂದರು ನಮ್ಮವರು. ಇರಲಿ ಬಿಡೋ ಹಾಗಿಲ್ಲ. ಶ್ಲೋಕ ಎಷ್ಟೇ ಹಳೆಯದಿದ್ದರೂ ಅದನ್ನು ಹಾಡಿಸಿ ರೆಕಾರ್ಡ್ ಮಾಡಿದ ಕಂಪನಿಗೆ ಆ ರೆಕಾರ್ಡಿಂಗ್ ಮೇಲೆ ಹಕ್ಕಿರುತ್ತೆ. ಹಿನ್ನೆಲೆಯಲ್ಲಿ ಸ್ವಲ್ಪ ಹೊತ್ತು ಕೇಳಿದರೂ ಯೂಟ್ಯೂಬ್ ಹಿಡಿಯಬಹುದು, ಕಾಪಿರೈಟ್ ಕ್ಲೇಮ್ ಬರುತ್ತೆ. ಮೈಕ್ ನಿಲ್ಲುವವರೆಗೆ ಕಾಯಲೂ ಆಗಲ್ಲ. ಆ ಹೊತ್ತಲ್ಲಿ ಸೀರೆ ಬದಲಿಸಿ, ಶನಿವಾರದವನ್ನು ಒಳಗಿನ ರೂಮಿನಲ್ಲಿ ಬಾಗಿಲು ಹಾಕಿ ಮಾಡಿದೆವು, ಹಾಡು ನಿಂತ ಮೇಲೆ ಮತ್ತೆ ಬಿಳಿಗೆ ಬಂದೆವು. ಮೂರು ಬದಲಾವಣೆ ಅಂದುಕೊಂಡದ್ದು ನಾಲ್ಕಾಯಿತು.

ಹಳದಿ ಸೀರೆ ಕೊನೆಗೆ, ಎಂಟೂವರೆಗೆ, ಸೂರ್ಯನದ್ದು ಇರೋದರಿಂದ ಕಿಟಕಿಯ ಬಿಸಿಲು ಸಿಗಲಿ ಅಂತ. ಆಷಾಢದ ಮೋಡ ಬಿಡಬೇಕಲ್ಲ! ಬಿಸಿಲು ಬಂದು ಹೋಗಿ ಮಾಡುತ್ತಿದ್ದರೆ ಲಾಕ್ ಮಾಡಿದ ಎಕ್ಸ್‌ಪೋಶರ್ ಇನ್ನೂ ತೊಂದರೆ, ಮುಖ ಒಂದು ಸಾಲಿನಲ್ಲಿ ಸುಟ್ಟ ಹಾಗೆ ಬೆಳ್ಳಗೆ, ಮುಂದಿನ ಸಾಲಿಗೆ ಮಂಕು. ಪರದೆ ಎಳೆದು ಎಲ್‌ಇಡಿ ಹಾಕಿಕೊಂಡೆವು, ಬಿಸಿಲಿನ ಆಸೆ ಬಿಟ್ಟೆವು.

ಇಲ್ಲೇ ಇನ್ನೊಂದು ಗಮನಿಸಿದೆ. ಒಂದೊಂದು ವಿಡಿಯೊಗೂ 60ರಿಂದ 65 ಪದ ಬರೆದಿದ್ದೆ, ಅತ್ತೆಯ ನಿಧಾನಕ್ಕೆ ಅದು 45 ಸೆಕೆಂಡ್. ಬೆಳಗ್ಗೆ ಎಲ್ಲವೂ ಅಷ್ಟಕ್ಕೇ ನಿಂತಿದ್ದವು. ಹಳದಿಯಲ್ಲಿ ಎರಡನೆಯದಕ್ಕೇ 36 ಸೆಕೆಂಡ್. ದಣಿದವರು ನಿಧಾನ ಆಗುತ್ತಾರೆ ಅಂದುಕೊಳ್ಳುತ್ತೇವೆ, ಹಾಗಲ್ಲ, ಬೇಗ ಬೇಗ ಹೇಳಿ ಮುಗಿಸುತ್ತಾರೆ. "ನಾನು ಚೆನ್ನಾಗಿದೀನಿ, ನಡಿ" ಅಂತಲೇ ಇದ್ದರು. ಕ್ಲಿಪ್ಪಿನ ಉದ್ದ ಬೇರೆ ಹೇಳುತ್ತಿತ್ತು. ಉಪ್ಪಿಟ್ಟು ತಿಂದು, ಬೆಳಗಿನ ಒಂದು ವಿಡಿಯೊ ಅವರಿಗೇ ಕೇಳಿಸಿ, ಆ ಓಟಕ್ಕೆ ಮರಳಿಸಿ ಉಳಿದವನ್ನು ಮಾಡಿದೆವು. ಹತ್ತೂ ಕಾಲಿಗೆ ಮುಗಿಯಿತು.

ಮಾತಿನಲ್ಲಿ ತಾರೀಖು ಎಲ್ಲೂ ಬರದ ಹಾಗೆ ಬರೆದಿದ್ದೆ, ತಿಥಿ ಕೂಡ ಬಾಯಲ್ಲಿ ಹೇಳಿಸಲಿಲ್ಲ. ಅದು ಕೃಷ್ಣ ಜನ್ಮಾಷ್ಟಮಿಗೆ ಕೈ ಹಿಡಿಯಿತು. ಆ ವರ್ಷ ಅಷ್ಟಮಿ ಶುರುವಾಗಿದ್ದು ಆಗಸ್ಟ್ 15ರ ನಡುರಾತ್ರಿ ಹತ್ತಿರ, ಕೆಲವರಿಗೆ 15ಕ್ಕೆ, ಕೆಲವರಿಗೆ 16ಕ್ಕೆ. ಉಡುಪಿಯಲ್ಲಿ ಸೌರಮಾನದ ಲೆಕ್ಕ, ಅದು ಸೆಪ್ಟೆಂಬರ್‌ಗೇ ಹೋಯಿತು. ದಿನ ತಿಳಿಸುವ ಅಕ್ಷರವನ್ನು ಎಡಿಟಿಂಗ್‌ನಲ್ಲಿ ಹಾಕಿದರೆ ಕೊನೇ ಗಳಿಗೆಯಲ್ಲೂ ಬದಲಿಸಬಹುದು. ಅಕ್ಷರ ಸ್ಕ್ರೀನಿನ ತೀರಾ ಕೆಳಗೆ ಇಡಬೇಡಿ, ಅಲ್ಲಿ ಚಾನೆಲ್ ಹೆಸರು, ಟೈಟಲ್ ಬಂದು ಕೂರುತ್ತೆ, ಬಲಗಡೆ ಲೈಕ್ ಬಟನ್ನು. ದೇವರ ಪಾದ ಕೂಡ ಅದರ ಕೆಳಗೆ ಹೋಗದ ಹಾಗೆ ಫ್ರೇಮ್ ಕಟ್ಟಬೇಕು.

ಪ್ರತಿ ವಿಡಿಯೊ ಶುರುವಿಗೆ ಹಳೇ ಸ್ಲೇಟಿನ ಮೇಲೆ ಬಳಪದಲ್ಲಿ ದಿನ ಬರೆದು ತೋರಿಸಿದ್ದೆವು, ಫೈಲಿಗೂ ಅದೇ ಹೆಸರು, `2025-08-04_soma` ಅನ್ನೋ ಥರ. ಸೀರೆ ಪ್ರಕಾರ ತೆಗೆದ ವಿಡಿಯೊಗಳು ಈ ಹೆಸರಿಂದಾಗಿ ತಾನಾಗೇ ಕ್ಯಾಲೆಂಡರ್ ಪ್ರಕಾರ ಸಾಲಾಗಿ ನಿಂತವು. ಶೆಡ್ಯೂಲ್ ಹಾಕೋಕೆ ಒಂದು ಸಂಜೆ ಸಾಕಾಯಿತು, ದಿನಾ ಬೆಳಗ್ಗೆ ಐದೂವರೆಗೆ.

ಶ್ರಾವಣ ಮುಗಿಯುವ ಮೊದಲೇ ಭಾದ್ರಪದದ ಪಟ್ಟಿ ಮಾಡಲು ಕೂತೆವು. ಗೌರಿ ಗಣೇಶ, ಅನಂತನ ಹುಣ್ಣಿಮೆ ಆದ ಮೇಲೆ ಉಳಿದದ್ದು ಪಿತೃಪಕ್ಷ. ಆ ಅರ್ಧ ತಿಂಗಳಿಗೆ ದೀಪದ ಅಲಂಕಾರ, ರೇಷ್ಮೆ ಸೀರೆ ಏನೂ ಬೇಡ, ಬರೀ ವಿಷ್ಣುವಿನ ಶ್ಲೋಕ ಮಾತಾಡ್ತೀನಿ, ಹತ್ತಿ ಸೀರೆ ಎರಡು ಸಾಕು ಅಂದರು ಅತ್ತೆ. ಅಂದರೆ ಒಂದೇ ಬದಲಾವಣೆ.